ಆರು ಲಕ್ಷ ಬೇಡ ಅಂದ ಅಕ್ಕನ ಲೆಕ್ಕ

ಜನವರಿಯ ಒಂದು ಭಾನುವಾರ. ಮೈಸೂರಿನಲ್ಲಿ ದೊಡ್ಡಮ್ಮನ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಮಗಳು, ನಮ್ಮಕ್ಕ, ಊಟದ ಟೇಬಲ್ಲಿನ ತುದಿಯಲ್ಲಿ ಮೊಬೈಲ್ ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು. ಎರಡು ವರ್ಷದಿಂದ ಇಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾಳೆ. ಬೆಂಗಳೂರಿನ ಒಂದು ಕಂಪನಿಯ ಮೂರು ಸುತ್ತಿನ ಸಂದರ್ಶನ ದಾಟಿದ್ದಳು. ಮುಂದಿನ ಶನಿವಾರ ಎಚ್‌ಆರ್ ಕರೆ ಮಾಡಿ ಸಂಬಳದ ಮಾತು ಮುಗಿಸುತ್ತಾರೆ ಅಂತ ಮೇಲ್ ಬಂದಿತ್ತು.

‘ಎಷ್ಟು ಕೇಳಲೋ?’ ಅಂತ ನನ್ನನ್ನೇ ಕೇಳಿದಳು. ಇನ್ನೂ ಆರನೇ ಸೆಮಿಸ್ಟರ್‌ನಲ್ಲಿರುವ, ಜೀವನದಲ್ಲಿ ಒಂದು ಪೇಸ್ಲಿಪ್ ಕೂಡ ಕಾಣದ ನನ್ನನ್ನು! ಅದಕ್ಕೂ ಮೊದಲು ಗೆಳತಿಯರನ್ನೆಲ್ಲ ಕೇಳಿ ಮುಗಿಸಿದ್ದಳು. ಒಬ್ಬಳು ‘ಈಗಿನದ್ದಕ್ಕೆ ಶೇ 30 ಜಾಸ್ತಿ ಕೇಳು’ ಅಂದಳಂತೆ. ಇನ್ನೊಬ್ಬಳು ‘ಡಬಲ್ ಕೇಳು, ಅವರೇ ಇಳಿಸ್ತಾರೆ’ ಅಂದಳಂತೆ. ದೊಡ್ಡಪ್ಪ ಮಾತ್ರ ‘ಕೊಟ್ಟಷ್ಟು ತಗೊಂಡು ಸುಮ್ಮನೆ ಸೇರ್ಕೋ, ಬೆಂಗಳೂರು ಕಂಪನಿ’ ಅಂತ ತೀರ್ಪು ಕೊಟ್ಟಿದ್ದರು.

ನನಗೆ ಹೊಳೆದದ್ದು ಬೇರೆ ಪ್ರಶ್ನೆ. ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಗೆ ಬಂದಿದ್ದ ಮೇಷ್ಟ್ರೊಬ್ಬರು ಕೇಳಿದ್ದ ಪ್ರಶ್ನೆ ಅದು. ‘ಅಕ್ಕ, ಶನಿವಾರ ಮಾತು ಮುರಿದುಬಿತ್ತು ಅಂತ ಇಟ್ಕೋ. ಸೋಮವಾರ ಬೆಳಿಗ್ಗೆ ಎದ್ದು ನೀನು ಏನು ಮಾಡ್ತೀಯ?’

‘ಏನು ಮಾಡೋದು, ಸ್ಕೂಟಿ ತಗೊಂಡು ಇದೇ ಆಫೀಸಿಗೆ ಹೋಗ್ತೀನಿ’ ಅಂದಳು.

ಎಷ್ಟು ಕೇಳಬೇಕು ಅನ್ನುವುದಕ್ಕಿಂತ ಮೊದಲು ಗೊತ್ತಿರಬೇಕಾದ ಉತ್ತರ ಇದು. ಸಂಧಾನದ ಪಾಠ ಹೇಳುವವರು ಇದನ್ನು ‘ಬಾಟ್ನಾ’ ಅನ್ನುತ್ತಾರೆ. ಒಪ್ಪಂದ ಆಗದೇ ಹೋದರೆ ನಮ್ಮ ಕೈಯಲ್ಲಿ ಉಳಿಯುವ ಅತ್ಯುತ್ತಮ ಬದಲಿ ದಾರಿ ಅಂತ ಅರ್ಥ. ಹಾರ್ವರ್ಡ್ ನೆಗೋಷಿಯೇಷನ್ ಪ್ರಾಜೆಕ್ಟ್‌ನ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ ‘ಗೆಟಿಂಗ್ ಟು ಯೆಸ್’ ಪುಸ್ತಕದಿಂದ ಈ ಪದ ಬಳಕೆಗೆ ಬಂತು. ಎದುರಿನವರು ಕೊಡುವುದು ಆ ಬದಲಿ ದಾರಿಗಿಂತ ಚೆನ್ನಾಗಿದ್ದರೆ ಒಪ್ಪಬೇಕು, ಇಲ್ಲದಿದ್ದರೆ ನಮಸ್ಕಾರ ಹೇಳಿ ಎದ್ದು ಬರಬೇಕು. ಕೇಳಲು ಇಷ್ಟೇ. ಆದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಮನಸ್ಸಿನಲ್ಲಿ ಮಸುಕುಮಸುಕಾಗಿ ಇಟ್ಟುಕೊಳ್ಳುತ್ತಾರೆಯೇ ಹೊರತು ಹಾಳೆಯ ಮೇಲೆ ಲೆಕ್ಕ ಹಾಕುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ಅವತ್ತು ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ನಾವು ಹಾಕಿದ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ. ಅಕ್ಕನ ಒಪ್ಪಿಗೆ ಪಡೆದಿದ್ದೇನೆ.

ಮೊದಲು ಮೈಸೂರಿನ ಕೆಲಸ. ಅವಳ ಸಿಟಿಸಿ ವರ್ಷಕ್ಕೆ 4.2 ಲಕ್ಷ, ಅಂದರೆ ತಿಂಗಳಿಗೆ 35,000. ಆದರೆ ಸಿಟಿಸಿ ಅನ್ನುವುದು ಕಂಪನಿಗೆ ಬೀಳುವ ಖರ್ಚು, ನಮ್ಮ ಖಾತೆಗೆ ಬೀಳುವ ಹಣವಲ್ಲ. ಕಂಪನಿ ಕಟ್ಟುವ ಪಿಎಫ್ 1,800 ಅದರೊಳಗೇ ಇದೆ. ಗ್ರಾಚ್ಯುಟಿಗೆ ಅಂತ ಮೂಲ ವೇತನದ ಶೇ 4.81ರಷ್ಟು, ಅವಳ ಲೆಕ್ಕದಲ್ಲಿ ಸುಮಾರು 720 ರೂಪಾಯಿ, ಅದೂ ಒಳಗೇ ಇದೆ. ಮೇಲೆ ಅವಳ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಡಿತ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಎಲ್ಲ ಕಳೆದು ಕೈಗೆ ಬರುವುದು ಸುಮಾರು 30,500.

ಖರ್ಚು? ಮನೆಯಲ್ಲೇ ಇರುವುದರಿಂದ ಸ್ಕೂಟಿ ಪೆಟ್ರೋಲು, ಮಧ್ಯಾಹ್ನ ಒಮ್ಮೊಮ್ಮೆ ಹೊರಗೆ ಊಟ, ಎಲ್ಲ ಸೇರಿ 3,000. ಉಳಿಯುವುದು 27,500. ಪ್ರತಿ ತಿಂಗಳು ಮನೆಗೆ ಅಂತ ಅವಳು ದೊಡ್ಡಮ್ಮನ ಕೈಗೆ ಕೊಡುವ ಹಣವನ್ನೂ ಬರೆಯಲು ಹೊರಟಳು. ಬೇಡ ಅಂದೆ. ಬೆಂಗಳೂರಿಗೆ ಹೋದರೂ ಅಷ್ಟೇ ಕೊಡುತ್ತಾಳೆ ಅಂದ ಮೇಲೆ ಎರಡೂ ಕಡೆ ಒಂದೇ ಇರುವ ಖರ್ಚು ಹೋಲಿಕೆಗೆ ಬರುವುದಿಲ್ಲ. ಮೊಬೈಲ್ ರೀಚಾರ್ಜು, ಬಟ್ಟೆಬರೆ ಎಲ್ಲ ಹಾಗೇ.

ಈಗ ಬೆಂಗಳೂರು. ಇಬ್ಬರು ಹಂಚಿಕೊಳ್ಳುವ ಕೋಣೆಯ ಪಿಜಿ, ಊಟ ಸೇರಿ 10,000. ಅವಳ ಗೆಳತಿಯೊಬ್ಬಳು ಅದೇ ಆಫೀಸಿನ ಹತ್ತಿರ ಕೊಡುತ್ತಿರುವ ದರ ಇದು, ನಮ್ಮ ಅಂದಾಜಲ್ಲ. ಮೆಟ್ರೊ, ಬಸ್ಸಿಗೆ 2,000. ಆಫೀಸಿನಲ್ಲಿ ಮಧ್ಯಾಹ್ನದ ಊಟ, ಪಿಜಿಯಲ್ಲಿ ಅಡುಗೆ ಇಲ್ಲದ ಭಾನುವಾರ ರಾತ್ರಿ, ಇವಕ್ಕೆ 2,500. ತಿಂಗಳಿಗೆ ಎರಡು ಸಲ ಮೈಸೂರಿಗೆ ಬಂದುಹೋಗಲು 1,500. ಒಟ್ಟು 16,000. ಅಂದರೆ ಇಲ್ಲಿ ಉಳಿಯುವಷ್ಟೇ, 27,500, ಅಲ್ಲೂ ಉಳಿಯಬೇಕೆಂದರೆ ಕೈಗೆ 43,500 ಬರಬೇಕು. ಪಿಎಫ್ ಎರಡೂ ಪಾಲು, ಗ್ರಾಚ್ಯುಟಿ, ವೃತ್ತಿ ತೆರಿಗೆ ಸೇರಿ ಸುಮಾರು 4,800 ಕೂಡಿಸಿದರೆ ತಿಂಗಳಿಗೆ 48,300. ವರ್ಷಕ್ಕೆ ಹತ್ತಿರಹತ್ತಿರ 5.8 ಲಕ್ಷ.

ಅಕ್ಕ ಪೆನ್ನು ಕೆಳಗಿಟ್ಟಳು. ಯಾಕೆಂದರೆ ಮೊದಲ ಕರೆಯಲ್ಲೇ ಆ ಕಂಪನಿಯ ಎಚ್‌ಆರ್ ಸುಳಿವು ಕೊಟ್ಟಿದ್ದರು: ‘ನಮ್ಮ ಬಜೆಟ್ 6 ಲಕ್ಷ, ಅದರಲ್ಲಿ ಶೇ 15 ವೇರಿಯಬಲ್’. 4.2ರಿಂದ 6 ಲಕ್ಷ ಅಂದರೆ ಶೇ 40ಕ್ಕೂ ಮೀರಿದ ಏರಿಕೆ ಅಂತ ಮನೆಯಲ್ಲಿ ಎಲ್ಲರೂ ಖುಷಿಯಲ್ಲಿದ್ದರು. ಆದರೆ ವೇರಿಯಬಲ್‌ನ 90,000 ಕಳೆದರೆ ಖಚಿತವಾಗಿ ಬರುವುದು 5.1 ಲಕ್ಷ. ತಿಂಗಳಿಗೆ 42,500. ಕಡಿತ ಕಳೆದು 37,700. ಬೆಂಗಳೂರಿನ ಖರ್ಚು ಕಳೆದು 21,700. ಮೈಸೂರಿನಲ್ಲಿ ಉಳಿಯುವುದಕ್ಕಿಂತ ತಿಂಗಳಿಗೆ 5,800 ಕಡಿಮೆ!

ಹಾಗಾದರೆ ವೇರಿಯಬಲ್ ಬರುವುದೇ ಇಲ್ಲವೇ? ಬರುತ್ತದೆ, ಆದರೆ ಎಷ್ಟು ಅನ್ನುವುದು ಕಂಪನಿಯ ಮರ್ಜಿ. ಅಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರನ್ನು ಅಕ್ಕ ಅವತ್ತೇ ಸಂಜೆ ಕೇಳಿದಳು. ಹಿಂದಿನ ವರ್ಷ ಅರ್ಧದಷ್ಟು ಬಂತು ಅಂದರು. ಹಾಗಾಗಿ ಅರ್ಧ ಅಂತಲೇ ಹಿಡಿದೆವು. ವರ್ಷಕ್ಕೆ 45,000, ತಿಂಗಳಿಗೆ 3,750. ಅದನ್ನು ಸೇರಿಸಿದರೂ 25,450. ಇನ್ನೂ ಎರಡು ಸಾವಿರ ಕೊರತೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಬೇರೆ ಯಾವುದಕ್ಕೆ ಒಪ್ಪುತ್ತದೋ ಬಿಡುತ್ತದೋ, ಊರಿನ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಮ್ಮನ ಮನೆಯ ಊಟಕ್ಕೆ ಬಿಲ್ ಬರುವುದಿಲ್ಲವಾದ್ದರಿಂದ ಅದರ ಬೆಲೆ ನಮಗೆ ಕಾಣುವುದೇ ಇಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಕಿರಾಣಿ ಲೆಕ್ಕವಾಗುತ್ತಿತ್ತು. ‘ದುಡ್ಡೊಂದೇ ಅಲ್ಲ ಕಣೋ’ ಅಂದಳು ಅಕ್ಕ. ಈಗಿನ ಕಂಪನಿಯಲ್ಲಿ ಅವಳದ್ದು ಮ್ಯಾನುಯಲ್ ಟೆಸ್ಟಿಂಗ್. ಪ್ರತಿ ಪರದೆಯನ್ನೂ ಕೈಯಲ್ಲೇ ಕ್ಲಿಕ್ ಮಾಡಿ ನೋಡುವ ಕೆಲಸ. ಹೊಸ ಕಡೆ ಆಟೊಮೇಷನ್, ಅಂದರೆ ಪರೀಕ್ಷೆಯನ್ನೇ ಕೋಡ್ ಬರೆದು ಓಡಿಸುವುದು. ಎರಡು ವರ್ಷ ಕಳೆದರೆ ಅದಕ್ಕೆ ಬೇರೆಯದೇ ಬೆಲೆ. ಇದನ್ನು ಹಾಳೆಗೆ ಇಳಿಸುವುದು ಹೇಗೆ? ನಾನು ಕೇಳಿದೆ: ‘ಎರಡೂ ಕಡೆ ಉಳಿಯುವ ಹಣ ಸಮ ಇದ್ದರೆ ಎಲ್ಲಿಗೆ ಹೋಗ್ತೀಯ?’ ‘ಬೆಂಗಳೂರಿಗೆ.’ ‘ತಿಂಗಳಿಗೆ ಸಾವಿರ ಕಡಿಮೆ ಉಳಿದರೆ?’ ‘ಆಗಲೂ ಹೋಗ್ತೀನಿ.’ ‘ಎರಡು ಸಾವಿರ?’ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅಲ್ಲಿಗೆ ಸಾಕು’ ಅಂದಳು. ಹಾಗಾದರೆ ಕಲಿಕೆಯ ಬೆಲೆ ಅವಳ ಲೆಕ್ಕದಲ್ಲಿ ತಿಂಗಳಿಗೆ 2,000. ಬೇರೆಯವರಿಗೆ ಇದು ಐದು ಸಾವಿರವೂ ಇರಬಹುದು, ಸೊನ್ನೆಯೂ ಇರಬಹುದು. ಮುಖ್ಯ ಏನೆಂದರೆ ‘ಕಲಿಯೋಕೆ ಸಿಗುತ್ತೆ’ ಅನ್ನುವ ಮಾತಿಗೆ ಒಂದು ಅಂಕಿ ಕೊಡದಿದ್ದರೆ, ಅದೇ ಮಾತನ್ನು ಎಚ್‌ಆರ್ ಹೇಳಿದಾಗ ನಾವು ಎಷ್ಟಕ್ಕೆ ಬೇಕಾದರೂ ಇಳಿದುಬಿಡುತ್ತೇವೆ.

ಆ ಸಾಲು ಬರೆದ ಕೂಡಲೇ ಇನ್ನೊಂದು ನೆನಪಾಯಿತು. ಈಗಿನ ಕಂಪನಿಯಲ್ಲಿ ಏಪ್ರಿಲ್‌ಗೆ ಸಂಬಳ ಪರಿಷ್ಕರಣೆ. ಕಳೆದ ವರ್ಷ ಶೇ 6 ಕೊಟ್ಟಿದ್ದರು. ಈ ಸಲವೂ ಅಷ್ಟೇ ಅಂದುಕೊಂಡರೆ ತಿಂಗಳಿಗೆ ಸುಮಾರು 2,000 ಹೆಚ್ಚುತ್ತದೆ. ಬದಲಿ ದಾರಿ ಅಂದರೆ ಇವತ್ತಿನ ಸಂಬಳ ಅಲ್ಲ, ಅಲ್ಲೇ ಇದ್ದರೆ ಮುಂದೆ ಸಿಗುವ ಸಂಬಳ. ಕಲಿಕೆಯ 2,000 ಗೆರೆಯನ್ನು ಕೆಳಗಿಳಿಸಿತು, ಏಪ್ರಿಲ್‌ನ 2,000 ಮತ್ತೆ ಮೇಲೇರಿಸಿತು. ತಿರುಗಿ ಬಂದು ನಿಂತದ್ದು ಅದೇ 5.8 ಲಕ್ಷಕ್ಕೆ. ವೇರಿಯಬಲ್ ಇದ್ದರೆ ಅದರ ಅರ್ಧವನ್ನು ಮಾತ್ರ ಸೇರಿಸಿ ಎಣಿಸಬೇಕು ಅಂತ ಪಕ್ಕದಲ್ಲಿ ಬರೆದುಕೊಂಡೆವು.

ಆಮೇಲೆ ಅಕ್ಕ ಒಂದು ಗುಟ್ಟು ಬಿಚ್ಚಿದಳು. ಬೆಂಗಳೂರಿನಲ್ಲೇ ಮತ್ತೊಂದು ಕಂಪನಿಯಲ್ಲಿ ಎರಡು ಸುತ್ತು ಮುಗಿದಿವೆಯಂತೆ, ಕೊನೆಯ ಸುತ್ತು ಗುರುವಾರ. ಆದರೆ 6.5 ಲಕ್ಷ, ವೇರಿಯಬಲ್ ಇಲ್ಲ ಅಂತ ಬಾಯಿಮಾತಿನಲ್ಲಿ ಹೇಳಿದ್ದಾರೆ. ‘ಹಂಗಾದ್ರೆ ನನ್ನ ಬದಲಿ ದಾರಿ ಆರೂವರೆ ಲಕ್ಷ ಅಲ್ವಾ?’ ಅಂದಳು.

ಅಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದ ಹಾಗೆ. ನಾವು ಎಡವುವುದು ಹೆಚ್ಚಾಗಿ ಇಲ್ಲೇ. ಆ ಕಂಪನಿ ಇದೆ, ಇನ್ನೂ ಎರಡು ಕಡೆ ಅರ್ಜಿ ಹಾಕಿದ್ದೀನಿ, ಮಾವನ ಕಡೆಯವರು ಒಬ್ಬರು ನೋಡ್ತೀನಿ ಅಂದಿದ್ದಾರೆ, ಏನೂ ಆಗದಿದ್ದರೆ ಗೇಟ್ ಬರೆದು ಎಂ.ಟೆಕ್ ಮಾಡ್ತೀನಿ ಅಂತ ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಹಾಕಿ ನೋಡಿ, ನನಗೇನು ಕಡಿಮೆ ಅಂತ ಧೈರ್ಯ ತಂದುಕೊಳ್ಳುತ್ತೇವೆ. ಆದರೆ ಮಾತು ಮುರಿದ ಮಾರನೇ ದಿನ ನಡೆಯುವುದಕ್ಕೆ ಇರುವುದು ಒಂದೇ ದಾರಿ. ಆ ಒಂದನ್ನು ಆರಿಸಿ, ಅದರ ಬೆಲೆಯನ್ನಷ್ಟೇ ಬರೆಯಬೇಕು.

ಹಾಗಂತ ಆ ಇನ್ನೊಂದು ಕಂಪನಿಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಮಾತು ಮುರಿದರೆ ಅಕ್ಕ ನಿಜವಾಗಿ ಮಾಡುವುದು ಏನು? ಮೈಸೂರಿನ ಕೆಲಸದಲ್ಲೇ ಇದ್ದುಕೊಂಡು ಆ ಕೊನೆಯ ಸುತ್ತಿಗೆ ಕಾಯುತ್ತಾಳೆ. ಇದೂ ಒಂದೇ ದಾರಿ. ಅಲ್ಲಿ ಕೆಲಸ ಸಿಕ್ಕರೆ 6.5 ಲಕ್ಷದ ಲೆಕ್ಕದಲ್ಲಿ ಖರ್ಚು ಕಳೆದು ತಿಂಗಳಿಗೆ ಸುಮಾರು 33,300 ಉಳಿಯುತ್ತದೆ, ಮೈಸೂರಿಗಿಂತ 5,800 ಹೆಚ್ಚು. ಸಿಗುವ ಸಾಧ್ಯತೆ? ‘ಮೂರರಲ್ಲಿ ಒಂದು ಅಂತ ಇಟ್ಕೋ’ ಅಂದಳು. 5,800ರ ಮೂರನೇ ಒಂದು ಭಾಗ ಸುಮಾರು 1,900. ಹಾಗಾಗಿ ಕಾಯುವ ದಾರಿಯ ಬೆಲೆ ಬರೀ ಮೈಸೂರಿಗಿಂತ ತಿಂಗಳಿಗೆ 1,900 ಜಾಸ್ತಿ, ಅಷ್ಟೇ. ವರ್ಷಕ್ಕೆ 23,000 ಆಸುಪಾಸು. ಗೆರೆ 5.8ರಿಂದ 6 ಲಕ್ಷದ ಸ್ವಲ್ಪ ಮೇಲಕ್ಕೆ ಹೋಯಿತು. ಆರೂವರೆಗೆ ಹೋಗಲಿಲ್ಲ. ಪ್ರೊಬೆಬಿಲಿಟಿ ಪಾಠ ಕೊನೆಗೂ ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂತು ಅಂತ ಒಳಗೊಳಗೇ ಬೀಗಿದೆ. ಆ ‘ಮೂರರಲ್ಲಿ ಒಂದು’ ಬರೀ ಅಂದಾಜು, ನಿಜ. ಆದರೆ ಅಂದಾಜನ್ನು ಬರೆದಿಟ್ಟರೆ ಸುದ್ದಿ ಬಂದಾಗ ತಿದ್ದಬಹುದು.

ಸುದ್ದಿ ಬಂದೇ ಬಂತು. ಗುರುವಾರದ ಸುತ್ತು ಚೆನ್ನಾಗಿ ಆಯಿತು ಅಂದಳು. ಫಲಿತಾಂಶ ಯಾವಾಗ ಅಂತ ಅವರಲ್ಲೇ ಕೇಳು, ಶನಿವಾರದೊಳಗೆ ಗೊತ್ತಾದರೆ ಒಳ್ಳೆಯದು ಅಂದೆ. ಕೇಳಿದಳು. ಶುಕ್ರವಾರ ಸಂಜೆ ಮೇಲ್ ಬಂತು: ಆ ಹುದ್ದೆಯನ್ನು ಸದ್ಯಕ್ಕೆ ‘ಆನ್ ಹೋಲ್ಡ್’ ಮಾಡಿದ್ದಾರೆ. ರಾತ್ರಿ ಫೋನಿನಲ್ಲಿ ಹಾಳೆಯ ಆ ಸಾಲನ್ನು ಹೊಡೆದು ಹಾಕಿದೆವು. ಗೆರೆ ಮತ್ತೆ 5.8ಕ್ಕೆ ಇಳಿಯಿತು. ಬೇಜಾರಾಯಿತು. ಆದರೆ ಇಲ್ಲದ ಕೆಲಸವನ್ನು ನಂಬಿ ಶನಿವಾರ ಹಟ ಹಿಡಿಯುವುದು ತಪ್ಪಿತು.

ಸುಳ್ಳು ಹೇಳುವ ಆಲೋಚನೆಯೂ ಬಂದಿತ್ತು, ಮುಚ್ಚಿಡುವುದಿಲ್ಲ. ‘ಬೇರೆ ಕಡೆ ಆಫರ್ ಇದೆ ಅಂದುಬಿಡಲಾ?’ ಅಂದಳು. ಎಚ್‌ಆರ್‌ಗಳು ಆಫರ್ ಲೆಟರಿನ ಪ್ರತಿ ಕಳಿಸಿ ಅನ್ನುವುದು ಮಾಮೂಲು. ಈಗಿನ ಸಂಬಳವನ್ನು ಏರಿಸಿ ಹೇಳಿದರೆ ಕೊನೆಯ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ. ಸಿಕ್ಕಿಬಿದ್ದರೆ ಮಾತುಕತೆಯೇ ಮುಗಿದುಹೋಗುತ್ತದೆ. ಅಷ್ಟಕ್ಕೂ ಇಲ್ಲದ ಆಫರ್ ತೋರಿಸಿ ಹೆದರಿಸಿದರೆ, ‘ಸರಿ, ಅಲ್ಲೇ ಸೇರಿ’ ಅಂದಾಗ ನಾವು ಎಲ್ಲಿಗೆ ಹೋಗುವುದು?

ಇದಕ್ಕಿಂತ ದೊಡ್ಡ ಅಪಾಯ ರಾಜೀನಾಮೆಯದು. ಆ ಕಂಪನಿಯವರು ಎರಡು ಸಲ ‘ಎಷ್ಟು ಬೇಗ ಸೇರಬಹುದು?’ ಅಂತ ಕೇಳಿದ್ದರು. ಅಕ್ಕನಿಗೆ ನೋಟಿಸ್ ಅವಧಿ 60 ದಿನ. ಬೇಗ ಬಿಡುಗಡೆಯಾಗಲಿ ಅಂತ ಆಫರ್ ಕೈಗೆ ಬರುವ ಮೊದಲೇ ಪೇಪರ್ ಹಾಕುವವರು ನನ್ನ ಸೀನಿಯರುಗಳಲ್ಲೇ ಇದ್ದಾರೆ. ಹಾಗೆ ಮಾಡಿದ ದಿನದಿಂದ ಮೈಸೂರಿನ ಕೆಲಸ ಬದಲಿ ದಾರಿಯಾಗಿ ಉಳಿಯುವುದಿಲ್ಲ. ಅದಕ್ಕೊಂದು ಕೊನೆಯ ದಿನಾಂಕ ಬಿದ್ದಿರುತ್ತದೆ. ಆಮೇಲೆ ಮಾತು ಮುರಿದರೆ ಮಾರನೇ ದಿನದ ಚಿತ್ರ ‘ಸಂಬಳವಿಲ್ಲದೆ ಮನೆಯಲ್ಲಿ’ ಅಂತ ಬದಲಾಗುತ್ತದೆ. 27,500 ಅಂತ ಬರೆದ ಜಾಗದಲ್ಲಿ ಸೊನ್ನೆ ಬರೆಯಬೇಕಾಗುತ್ತದೆ. ನೋಟಿಸ್ ಅವಧಿಯಲ್ಲಿದ್ದೀನಿ ಅಂತ ನಾವು ಹೇಳಿದ ಕೂಡಲೇ ಎದುರಿನವರಿಗೂ ಇದು ಗೊತ್ತಾಗುತ್ತದೆ.

ಎದುರಿನವರಿಗೂ ಒಂದು ಬದಲಿ ದಾರಿ ಇರುತ್ತದೆ: ಇನ್ನೊಬ್ಬ ಅಭ್ಯರ್ಥಿ, ಅಥವಾ ಹುದ್ದೆಯನ್ನು ಖಾಲಿ ಬಿಡುವುದು. ಪೂರ್ತಿ ತಿಳಿಯಲಾಗದು, ಆದರೆ ಸುಳಿವು ಸಿಗುತ್ತದೆ. ಆ ಹುದ್ದೆಯ ಜಾಹೀರಾತು ನವೆಂಬರ್‌ನಿಂದ ಹಾಗೇ ಇತ್ತು. ಬೇಗ ಸೇರಿ ಅನ್ನುವ ಅವಸರವೂ ಇತ್ತು. ಹಾಗಾಗಿ ಇನ್ನೊಬ್ಬರು ಬಾಗಿಲಲ್ಲೇ ಕಾದು ನಿಂತಿರಲಾರರು, ಸ್ವಲ್ಪ ಜಗ್ಗಬಹುದು ಅಂದುಕೊಂಡೆವು. ಅದಕ್ಕೇ ಅಕ್ಕ ಕೇಳುವ ಮೊತ್ತವನ್ನು 6.5 ಲಕ್ಷ ಅಂತ ಇಟ್ಟುಕೊಂಡಳು. 5.8 ಇರುವುದು ಎಲ್ಲಿ ಎದ್ದು ಬರಬೇಕು ಅಂತ ನೆನಪಿಸಲಿಕ್ಕೆ. ಅದನ್ನೇ ಮೊದಲಿಗೆ ಬಾಯಿಬಿಟ್ಟು ಹೇಳಿದರೆ ಮಾತು ಅಲ್ಲಿಂದ ಕೆಳಕ್ಕೇ ಇಳಿಯುತ್ತದೆ.

ಶನಿವಾರ ಕರೆ ಬಂತು. ಸ್ಪೀಕರಿನಲ್ಲಿ ಹಾಕಿದ್ದಳು, ನಾನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಎಚ್‌ಆರ್ ಮೇಡಂ ಸೌಜನ್ಯದಿಂದಲೇ ಮಾತಾಡಿದರು. ಮೊದಲು ಹೇಳಿದ್ದು ಅದೇ 6 ಲಕ್ಷ, ಶೇ 15 ವೇರಿಯಬಲ್. ಅಕ್ಕ ಆರೂವರೆ ಕೇಳಿದಳು, ವೇರಿಯಬಲ್ ಕಡಿಮೆ ಮಾಡಿ ಅಂದಳು, ಊರು ಬಿಟ್ಟು ಬರುವ ಖರ್ಚಿನ ಮಾತು ಹೇಳಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ಕರೆ ಮಾಡಿದರು. ಒಟ್ಟು ಮೊತ್ತ ಏರಿಸಲಾಗದು, ಆದರೆ ವೇರಿಯಬಲ್ 60,000ಕ್ಕೆ ಇಳಿಸುತ್ತೇವೆ, ಖಚಿತ ಭಾಗ 5.4 ಲಕ್ಷ ಮಾಡುತ್ತೇವೆ ಅಂದರು. ಅಕ್ಕ ಹಾಳೆ ನೋಡಿದಳು. 5.4ಕ್ಕೆ ವೇರಿಯಬಲ್‌ನ ಅರ್ಧ 30,000 ಸೇರಿಸಿದರೆ 5.7. ಗೆರೆಗೆ ಹತ್ತು ಸಾವಿರ ಕಡಿಮೆ. ವರ್ಷಕ್ಕೆ ಹತ್ತು ಸಾವಿರ ಅಂದರೆ ತಿಂಗಳಿಗೆ ಎಂಟುನೂರು ಚಿಲ್ಲರೆ. ನಮ್ಮ ಅಂದಾಜುಗಳಲ್ಲೇ ಅಷ್ಟು ಹೆಚ್ಚುಕಡಿಮೆ ಇರಬಹುದು. ಅಷ್ಟೇ ಆಗಿದ್ದರೆ ಅಕ್ಕ ಒಪ್ಪಿಬಿಡುತ್ತಿದ್ದಳು, ನಾನೂ ಒಪ್ಪು ಅನ್ನುತ್ತಿದ್ದೆ.

ಆಮೇಲೆ ಸೇರುವ ದಿನಾಂಕ ಬಂತು. 30 ದಿನದೊಳಗೆ ಬರಬೇಕು ಅಂದರು. ನೋಟಿಸ್ 60 ದಿನ ಇರುವುದರಿಂದ ಉಳಿದ 30 ದಿನಕ್ಕೆ ಅಕ್ಕ ಈಗಿನ ಕಂಪನಿಗೆ ಒಂದು ತಿಂಗಳ ಸಂಬಳ, ಸುಮಾರು 35,000, ಕಟ್ಟಬೇಕು. ಅದನ್ನು ಭರಿಸುತ್ತೀರಾ ಅಂತ ಕೇಳಿದಳು. ಇಲ್ಲ ಅಂದರು. ಹಾಗಾದರೆ 60 ದಿನ ಕಾಯುತ್ತೀರಾ? ಪ್ರಾಜೆಕ್ಟ್ ಶುರುವಾಗುತ್ತಿದೆ, ಆಗುವುದಿಲ್ಲ. ಮೊದಲ ವರ್ಷದ ಕೊರತೆ ಹತ್ತು ಸಾವಿರದಿಂದ 45,000ಕ್ಕೆ ಹೋಯಿತು. ಇನ್ನು ಅಂದಾಜಿನ ಹೆಚ್ಚುಕಡಿಮೆ ಅನ್ನುವ ನೆಪಕ್ಕೆ ಜಾಗ ಇರಲಿಲ್ಲ. ‘ಥ್ಯಾಂಕ್ಸ್ ಮೇಡಂ, ಈ ಷರತ್ತಿನಲ್ಲಿ ನನಗೆ ಬರೋಕೆ ಆಗಲ್ಲ. ಮುಂದೆ ದಿನಾಂಕ ಬದಲಾದರೆ ದಯವಿಟ್ಟು ತಿಳಿಸಿ’ ಅಂತ ಹೇಳಿ ಫೋನ್ ಇಟ್ಟಳು. ಕೈ ನಡುಗುತ್ತಿತ್ತು.

ದೊಡ್ಡಪ್ಪ ಅವತ್ತು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆರು ಲಕ್ಷ! ಆ ಹುಡುಗನ ಮಾತು ಕೇಳಿ ಬಿಟ್ಟಳು’ ಅಂತ ದೊಡ್ಡಮ್ಮನ ಹತ್ತಿರ ಗೊಣಗಿದರಂತೆ. ಹಾಳೆ ತೋರಿಸಿದೆ. ಓದಿ ಪಕ್ಕಕ್ಕಿಟ್ಟರು. ಒಪ್ಪಿದರು ಅಂತ ನಾನು ಹೇಳಲಾರೆ.

ನನ್ನ ಹಾಗೆ ಇನ್ನೂ ಕಾಲೇಜಿನಲ್ಲಿರುವವರು ‘ನಮಗೆಲ್ಲಿ ಚೌಕಾಸಿ, ಕ್ಯಾಂಪಸ್ಸಿಗೆ ಬರುವ ಕಂಪನಿ ಎಲ್ಲರಿಗೂ ಒಂದೇ ಪ್ಯಾಕೇಜ್ ಕೊಡುತ್ತೆ’ ಅನ್ನಬಹುದು. ನಿಜ, ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಕಂಪನಿಗಳಲ್ಲಿ ಸಂಬಳದ ಮಾತಿಗೆ ಜಾಗವೇ ಇರುವುದಿಲ್ಲ. ಆದರೂ ಸೇರಬೇಕೇ ಬೇಡವೇ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ, ಅದಕ್ಕೂ ಇದೇ ಲೆಕ್ಕ ಬೇಕು. ಅನೇಕ ಕಾಲೇಜುಗಳಲ್ಲಿ ಒಂದು ಆಫರ್ ಒಪ್ಪಿಕೊಂಡರೆ ಮುಂದಿನ ಕಂಪನಿಗಳಿಗೆ ಕೂರಲು ಬಿಡುವುದಿಲ್ಲ. ಅಂದರೆ ‘ಹೂಂ’ ಅಂದ ಕ್ಷಣ ಬಾಕಿ ದಾರಿಗಳು ಮುಚ್ಚುತ್ತವೆ. ಆ ಕಾಲೇಜಿನ ನಿಯಮವನ್ನು ಮೊದಲೇ ಓದಿಕೊಳ್ಳಿ. ಆಫರ್ ಲೆಟರ್ ಬಂದರೂ ಸೇರುವ ದಿನಾಂಕ ತಿಂಗಳುಗಟ್ಟಲೆ ಮುಂದೆ ಹೋಗಬಹುದು, 2022–23ರ ಸುಮಾರಿಗೆ ಐ.ಟಿ. ವಲಯದಲ್ಲಿ ಹೀಗೆ ಕಾದವರು ಬಹಳ ಜನ. ಕಾಯುವ ತಿಂಗಳುಗಳ ಸಂಬಳ ಸೊನ್ನೆ ಅಂತ ಬರೆಯಬೇಕು. ಎಂ.ಟೆಕ್ ಬದಲಿ ದಾರಿ ಅನ್ನುವವರೂ ಅದನ್ನು ಅಂಕಿಗೆ ಇಳಿಸಲಿ. ಗೇಟ್ ಅರ್ಹತೆಯೊಂದಿಗೆ ಸೇರಿದವರಿಗೆ ಸಿಗುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಎರಡು ವರ್ಷ ಅದರಲ್ಲಿ ಹಾಸ್ಟೆಲು, ಪುಸ್ತಕ ಎಲ್ಲ ಆಗಬೇಕು. ಅದು ಸಿಗದಿದ್ದರೆ ಖರ್ಚು ಅಪ್ಪನ ಜೇಬಿನಿಂದ. ಹೀಗೆ ಬರೆದು ನೋಡಿದರೆ ಕೆಲವರಿಗೆ 3.5 ಲಕ್ಷದ ಆಫರ್ ಕೂಡ ಒಪ್ಪುವಂಥದ್ದು ಅನ್ನಿಸುತ್ತದೆ. ಅದೂ ಸರಿಯೇ. ಲೆಕ್ಕ ಹಾಕಿದವರೆಲ್ಲ ‘ಬೇಡ’ ಅನ್ನಬೇಕಿಲ್ಲ. ಕ್ಲಾಸಿನ ಗೆಳೆಯನಿಗೆ ಹನ್ನೆರಡು ಲಕ್ಷ ಸಿಕ್ಕಿದ್ದು ಮಾತ್ರ ನಿಮ್ಮ ಹಾಳೆಯಲ್ಲಿ ಎಲ್ಲೂ ಬರುವುದಿಲ್ಲ. ಅದು ಅವನ ದಾರಿ.

ಅಕ್ಕ ಆ ಶನಿವಾರದ ನಂತರ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬದಲಿ ದಾರಿಯನ್ನೇ ಸುಧಾರಿಸಲು ಹೊರಟಳು. ಸಂಜೆ ಒಂದೊಂದು ಗಂಟೆ ಸೆಲೆನಿಯಂ ಕಲಿಯಲು ಕೂತಳು. ಈಗಿನ ಕಂಪನಿಯಲ್ಲಿ ದಿನಾಲೂ ಕೈಯಲ್ಲಿ ಮಾಡುತ್ತಿದ್ದ ಲಾಗಿನ್ ಪರೀಕ್ಷೆಗಳನ್ನು ಅದರಲ್ಲಿ ಬರೆದು ತನ್ನ ಮ್ಯಾನೇಜರಿಗೆ ತೋರಿಸಿದಳು. ಮಾರ್ಚ್ ಮೊದಲ ವಾರ ಅವರು ಒಂದು ಮಾಡ್ಯೂಲ್‌ನ ಆಟೊಮೇಷನ್ ಕೆಲಸವನ್ನು ಅವಳಿಗೇ ಕೊಟ್ಟರು. ಸಂಬಳ ಒಂದು ರೂಪಾಯಿ ಏರಿಲ್ಲ.

ಮೊನ್ನೆ ಹೋದಾಗ ಅದೇ ಕ್ಯಾಲೆಂಡರ್ ಹಾಳೆಯನ್ನು ಡ್ರಾಯರಿನಿಂದ ತೆಗೆದಳು. ಇನ್ನೊಂದು ಕಂಪನಿಯಿಂದ ಕರೆ ಬಂದಿದೆಯಂತೆ. ಬೆಂಗಳೂರಿಗೆ ಹೋದರೆ ಮಾತ್ರ ಆಟೊಮೇಷನ್ ಕಲಿಯಬಹುದು ಅಂತ ಗೆರೆ ಇಳಿಸಲು ಹಾಕಿದ್ದ ಆ 2,000 ರೂಪಾಯಿಯ ಸಾಲನ್ನು ಹೊಡೆದು ಹಾಕಿದಳು. ಕೈಗೆ ಬರಬೇಕಾದ್ದು 43,500 ಇದ್ದದ್ದು 45,500 ಆಯಿತು. ಕಡಿತ ಸೇರಿಸಿ, ಹನ್ನೆರಡರಿಂದ ಗುಣಿಸಿ, ಹಾಳೆಯ ಕೆಳಗೆ 6.04 ಲಕ್ಷ ಅಂತ ಬರೆದು ಮತ್ತೆ ಮಡಚಿಟ್ಟಳು.